ಭಾರದ ಕೆಳಗೆ ನುಸುಳುವ ವಿದ್ಯೆ

ಭಾರವನ್ನೆತ್ತಲು ಬೇಕಾದದ್ದು ತೋಳ್ಬಲವೆಂಬುದು ಲೋಕದ ದೃಢವಾದ ನಂಬಿಕೆ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲನ್ನು ತಬ್ಬಿ ತೊಡೆಗೇರಿಸಿ, ತೊಡೆಯಿಂದ ಎದೆಗೇರಿಸಿ, ಎದೆಯಿಂದ ಹೆಗಲಿಗೇರಿಸಿ ಹಿಂದಕ್ಕೆ ಚೆಲ್ಲುವ ಜಟ್ಟಿಗಳನ್ನು ಕಂಡವರು ಈ ನಂಬಿಕೆಯನ್ನು ಸುಲಭವಾಗಿ ಬಿಟ್ಟುಕೊಡಲಾರರು; ಬಿಟ್ಟುಕೊಡಬೇಕಾದ ಅಗತ್ಯವೂ ಅವರಿಗಿಲ್ಲ. ಆದರೆ, ದೇಹದ ಮಧ್ಯಭಾಗವು ಉಳಿದ ಅಂಗಗಳಿಗಿಂತ ಮುಂಚಿತವಾಗಿ ಮನೆಯ ಹೊಸ್ತಿಲನ್ನು ದಾಟತೊಡಗುವ ವಯಸ್ಸಿನಲ್ಲಿ ಸ್ನ್ಯಾಚ್, ಕ್ಲೀನ್ ಅಂಡ್ ಜರ್ಕ್ ಎಂಬ ಎರಡು ಒಲಿಂಪಿಕ್ ವರಸೆಗಳನ್ನು ಕಲಿಯಹೊರಟ ನನ್ನಂಥವನಿಗೆ ಮೊದಲ ವಾರದಲ್ಲಿಯೇ ಮನವರಿಕೆಯಾಗುವ ಸತ್ಯವೆಂದರೆ, ಇಲ್ಲಿ ಭಾರವು ಮೇಲೇರುವುದು ಎಷ್ಟು ಮುಖ್ಯವೋ ಮನುಷ್ಯನು ಕೆಳಗಿಳಿಯುವುದೂ ಅಷ್ಟೇ ಮುಖ್ಯ ಎಂಬುದು.

ಸ್ನ್ಯಾಚಿನಲ್ಲಿ ಬಾರನ್ನು ನೆಲದಿಂದ ತಲೆಯ ಮೇಲಕ್ಕೆ, ನಡುವೆ ಎಲ್ಲಿಯೂ ತಂಗಗೊಡದೆ, ಒಂದೇ ಉಸುರಿಗೆ ಒಯ್ಯಬೇಕು. ಕ್ಲೀನ್ ಅಂಡ್ ಜರ್ಕಿನಲ್ಲಿ ಮೊದಲು ಭುಜದವರೆಗೆ, ಅಲ್ಲಿ ಕ್ಷಣಕಾಲ ವಿಶ್ರಮಿಸಿದ ಮೇಲೆ ತಲೆಯ ಮೇಲಕ್ಕೆ, ಹೀಗೆ ಎರಡು ಹಂತಗಳ ಪ್ರಯಾಣ. ಭಾರವು ನಿಜವಾಗಿಯೂ ಭಾರವಾಗಿದ್ದಾಗ, ಎಂಥ ನುರಿತವನ ಕಾಲುಗಳು ಚಿಮ್ಮಿದರೂ ಬಾರು ಎದೆಯ ಆಸುಪಾಸಿಗೆ ಬಂದು ತನ್ನ ಉತ್ಸಾಹವನ್ನು ಕಳೆದುಕೊಳ್ಳುತ್ತದೆ. ಅದು ಮರಳಿ ಇಳಿಯುವ ಮೊದಲೇ ಮನುಷ್ಯನು ಕುಕ್ಕರಿಸಿ ಅದರಡಿಗೆ ನುಸುಳಿ, ಮಳೆ ಬಂದಾಗ ಕೊಡೆಯನ್ನು ಬಿಚ್ಚಿ ಅದರ ಕೆಳಗೆ ಸೇರಿಕೊಳ್ಳುವವನಂತೆ, ಕೈಗಳನ್ನು ನೀಡಿ ನಿಲ್ಲಿಸಬೇಕು. ಬಾರು ತಲೆಯ ಮೇಲೆ ಬಂದ ಬಳಿಕ ಮೊಣಕೈ ಬಗ್ಗಿ, ಆಮೇಲೆ ತೋಳಿನಿಂದ ಒತ್ತಿ ನೇರ ಮಾಡಿದರೆ ತೀರ್ಪುಗಾರರು ಆ ಎತ್ತುಗೆಯನ್ನೇ ಒಪ್ಪುವುದಿಲ್ಲ. ತೋಳಿನಿಂದ ಒತ್ತುವ ಪ್ರೆಸ್ ಎಂಬ ಮೂರನೆಯ ವರಸೆಯೂ ಹಿಂದೆ ಪಂದ್ಯದಲ್ಲಿತ್ತು. ಸೊಂಟವನ್ನು ಹಿಂದಕ್ಕೆ ಬಾಗಿಸಿ ಮಾಡುವ ಕಸರತ್ತಿಗೂ ಶುದ್ಧವಾದ ಒತ್ತುಗೆಗೂ ಗೆರೆ ಎಳೆಯಲು ತೀರ್ಪುಗಾರರಿಗೆ ಸಾಧ್ಯವಾಗದೆ, 1972ರ ಮ್ಯೂನಿಕ್ ಒಲಿಂಪಿಕ್ಸ್ ಮುಗಿದ ಮೇಲೆ ಅದನ್ನು ಕೈಬಿಟ್ಟರು. ತೋಳಿನ ಅಭಿಮಾನಿಗಳಿಗೆ ಅಂದಿನಿಂದ ಈ ಕ್ರೀಡೆಯಲ್ಲಿ ಆಶ್ರಯವಿಲ್ಲ.

ನಮ್ಮ ಊರಿನ ವ್ಯಾಯಾಮಶಾಲೆಯ ಕೋಚ್ ವಯಸ್ಸಿನಲ್ಲಿ ನನಗಿಂತ ತೀರ ಕಿರಿಯ. ಮರ್ಯಾದೆಗೆ ಕೊರತೆಯಿಲ್ಲದೆ ‘ಸರ್’ ಎಂದು ಕರೆಯುತ್ತಲೇ, ಮರ್ಯಾದಸ್ಥನೊಬ್ಬನು ನಾಲ್ಕು ಜನರೆದುರು ಮಾಡಲು ಸಂಕೋಚಪಡುವ ಸಕಲ ಭಂಗಿಗಳನ್ನೂ ನನ್ನಿಂದ ಮಾಡಿಸಿದವರು. ಮೊದಲ ದಿನ ಅವರು ಕೈಗೆ ಕೊಟ್ಟದ್ದು ಕಬ್ಬಿಣವಲ್ಲ, ಒಂದು ನೀಳವಾದ ಕೋಲು. ಕಲಿಕೆಯು ನೆಲದಿಂದ ಮೇಲಕ್ಕೆ ಹೋಗುವುದೆಂದು ಎಣಿಸಿದ್ದವನಿಗೆ ಅದು ತುದಿಯಿಂದ ಮೊದಲಿಗೆ, ಅಂದರೆ ಮೇಲಿನಿಂದ ಕೆಳಕ್ಕೆ ಬರುವುದೆಂದು ತಿಳಿದದ್ದೂ ಅಂದೇ. ಕೋಲನ್ನು ಅಗಲವಾಗಿ ಹಿಡಿದು ತಲೆಯ ಮೇಲೆ ನೀಡಿ, ಮೊಣಕೈ ಸಡಿಲಿಸದೆ, ಹಿಮ್ಮಡಿ ಏಳಿಸದೆ, ಪೂರ್ಣವಾಗಿ ಕುಕ್ಕರಿಸಿ ಏಳುವ ಓವರ್‌ಹೆಡ್ ಸ್ಕ್ವಾಟ್ ಮೊದಲನೆಯ ಪಾಠ. ಬಾರನ್ನು ಕೊನೆಯಲ್ಲಿ ಎಲ್ಲಿ ಹಿಡಿದು ನಿಲ್ಲಬೇಕೋ ಆ ಜಾಗವೇ ದೇಹಕ್ಕೆ ಅಪರಿಚಿತವಾಗಿದ್ದರೆ, ಅಲ್ಲಿಗೆ ಭಾರವನ್ನು ಎಸೆದು ಪ್ರಯೋಜನವೇನು? ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು ಊಟ, ಹರಟೆ, ಹೂಕಟ್ಟುವಿಕೆಗಳನ್ನು ನಡೆಸುತ್ತಿದ್ದ ನಮ್ಮ ಅಜ್ಜಿಯಂದಿರಿಗೆ ಇದು ಅರ್ಧ ದಿನದ ವಿದ್ಯೆಯಾಗುತ್ತಿತ್ತು. ಕುರ್ಚಿಯ ಮೇಲೆ ಮೂವತ್ತು ವರ್ಷ ಸರ್ಕಾರಿ ಸೇವೆ ಸಲ್ಲಿಸಿದ ಕಣಕಾಲುಗಳಿಗೆ ವಾರಗಳೇ ಬೇಕು. ಆ ಅವಧಿಯಲ್ಲಿ ಹಿಮ್ಮಡಿಯ ಕೆಳಗೆ ತೆಳ್ಳನೆಯ ಹಲಗೆಯನ್ನಿಡುವುದು ಅನುಮತಿಸಲ್ಪಟ್ಟ ರಿಯಾಯಿತಿ. ಭಾರ ಎತ್ತುವವರ ಬೂಟುಗಳಲ್ಲಿ ಹಿಮ್ಮಡಿ ಎತ್ತರವಾಗಿರುವುದೂ ಇದೇ ಕಾರಣಕ್ಕಾಗಿ.

ಕುಕ್ಕರಿಸುವುದು ಒಗ್ಗಿದ ಬಳಿಕ ಹಿಡಿತ. ಹೆಬ್ಬೆರಳನ್ನು ಬಾರಿಗೆ ಸುತ್ತಿ, ಅದರ ಮೇಲೆ ತೋರುಬೆರಳು ಮಧ್ಯಬೆರಳುಗಳನ್ನು ಬಿಗಿಯುವ ಹುಕ್ ಗ್ರಿಪ್ ಆರಂಭದ ದಿನಗಳಲ್ಲಿ ಹೆಬ್ಬೆರಳಿಗೆ ತನ್ನ ಅಸ್ತಿತ್ವದ ವಿಷಯದಲ್ಲಿ ತೀವ್ರವಾದ ಅರಿವನ್ನು ಉಂಟುಮಾಡುತ್ತದೆ. ಆದರೆ ಬಾರು ಬೆರಳುಗಳಿಂದ ಉರುಳದಂತೆ ತಡೆಯಲು ಬೇರೆ ಉಪಾಯವಿಲ್ಲ. ಸ್ನ್ಯಾಚಿಗೆ ಕೈಗಳ ಅಂತರವೆಷ್ಟೆಂದರೆ, ನೆಟ್ಟಗೆ ನಿಂತಾಗ ಬಾರು ಸರಿಯಾಗಿ ತೊಡೆಸಂದಿಯಲ್ಲಿ ಕೂರುವಷ್ಟು. ಅಲ್ಲಿಂದ ಸ್ವಲ್ಪ ಮಂಡಿ ಬಗ್ಗಿಸಿ ಚಿಮ್ಮಿ ಒಳನುಸುಳುವುದು ಒಂದು ಮೆಟ್ಟಿಲು. ಮಂಡಿಯ ಮೇಲ್ಗಡೆಯಿಂದ ಆರಂಭಿಸುವುದು ಎರಡನೆಯದು. ನೆಲದಿಂದ ಎತ್ತುವುದು ಮೂರನೆಯದು, ಕಟ್ಟಕಡೆಯದು.

ಈ ಮೆಟ್ಟಿಲುಗಳಲ್ಲಿ ಎಲ್ಲರನ್ನೂ ಎಡವಿಸುವ ದೋಷ ಒಂದೇ: ಕಾಲು ತನ್ನ ಕೆಲಸವನ್ನು ಮುಗಿಸುವ ಮೊದಲೇ ಕೈ ಬಗ್ಗಿ ಎಳೆಯತೊಡಗುವುದು. ‘ಕೈಗೇನು ಅವಸರ ಸರ್? ಕಾಲಿನ ಪಾಳಿ ಇನ್ನೂ ಮುಗಿದಿಲ್ಲ’ ಎಂದು ಕೋಚ್ ಹೇಳುತ್ತಿದ್ದರು. ಕೈ ಅವಸರಪಟ್ಟರೆ ಕಾಲಿನ ಚಿಮ್ಮುಗೆ ಬಾರಿಗೆ ಪೂರ್ತಿ ತಲುಪದೆ ಬಗ್ಗಿದ ಮೊಣಕೈಯಲ್ಲಿಯೇ ಕರಗಿಹೋಗುತ್ತದೆ. ಬಾರು ದೇಹವನ್ನು ಬಿಟ್ಟು ಮುಂದಕ್ಕೆ ಬಳಸಿಕೊಂಡು ಹೋಗುತ್ತದೆ. ಅದನ್ನು ಹಿಂಬಾಲಿಸಿ ಮನುಷ್ಯನೂ ಮುಂದಕ್ಕೆ ಹಾರುತ್ತಾನೆ. ಇದನ್ನು ಕಂಡುಹಿಡಿಯಲು ದೊಡ್ಡ ಯಂತ್ರ ಬೇಕಿಲ್ಲ. ಕಾಲ್ಬೆರಳುಗಳ ಮುಂದೆ ಸುಣ್ಣದ ಕಡ್ಡಿಯಿಂದ ಒಂದು ಗೆರೆ ಎಳೆದರೆ ಸಾಕು. ಎತ್ತಿದ ಮೇಲೆ ಬೆರಳು ಗೆರೆಯನ್ನು ದಾಟಿದ್ದರೆ ಬಾರು ದೂರ ಹೋಗಿತ್ತೆಂದೇ ಅರ್ಥ. ಅದೇ ಜಾಗದಲ್ಲಿ, ಅಥವಾ ಕೂದಲೆಳೆಯಷ್ಟು ಹಿಂದೆ, ಪಾದಗಳು ಊರಿದ್ದರೆ ಹಾದಿ ಸರಿಯಿದೆ. ಆ ಬಿಳಿಯ ಗೆರೆಯಷ್ಟು ನಿರ್ದಾಕ್ಷಿಣ್ಯವಾದ ವಿಮರ್ಶಕನನ್ನು ನಾನು ಸಾಹಿತ್ಯದಲ್ಲಿಯೂ ಕಂಡಿಲ್ಲ.

ಹಗುರವಾದ ಭಾರದ ಮರ್ಮವನ್ನು ಇಲ್ಲಿ ಹೇಳಬೇಕು. ಕೋಲು ಪರಮ ದಯಾಳು. ಕೈಯಿಂದ ಎಳೆದರೂ ಬರುತ್ತದೆ, ಮುಂದಕ್ಕೆ ಹೋದರೂ ಮರಳುತ್ತದೆ, ಸಕಲ ಅಪರಾಧಗಳನ್ನೂ ಕ್ಷಮಿಸುತ್ತದೆ. ಆದುದರಿಂದಲೇ ಅದರೊಡನೆ ಬಹುಕಾಲ ಸಂಸಾರ ಮಾಡಬಾರದು. 20 ಕಿಲೋಗ್ರಾಮಿನ ಬರಿಯ ಬಾರು, ಮಹಿಳೆಯರಿಗಾದರೆ 15ರದು, ಮೊದಲ ಬಾರಿಗೆ ನಿಜವನ್ನು ನುಡಿಯುತ್ತದೆ: ಅದನ್ನು ಬರಿಯ ತೋಳಿನಿಂದ ಎಳೆದರೆ ತಪ್ಪು ಮೈಗೆ ತಿಳಿಯುತ್ತದೆ, ಆದರೆ ಗಾಯವಾಗುವಷ್ಟು ಅಲ್ಲ. ಅದೂ ಹೆಚ್ಚೆನಿಸುವವರಿಗೆ 5, 10 ಕಿಲೋಗ್ರಾಮಿನ ಅಲ್ಯೂಮಿನಿಯಂ ಬಾರುಗಳಿವೆ. ದೋಷವನ್ನು ಮುಚ್ಚದಷ್ಟು ಭಾರ, ದೋಷವನ್ನು ಶಿಕ್ಷಿಸದಷ್ಟು ಹಗುರ, ಈ ಎರಡರ ನಡುವಣ ಕಿರಿದಾದ ಪ್ರದೇಶವೇ ಆರಂಭಿಕನ ವಾಸಸ್ಥಾನ. ಇನ್ನೊಂದು ತೊಡಕೂ ಉಂಟು. ಪಂದ್ಯದ ದೊಡ್ಡ ಪ್ಲೇಟುಗಳ ವ್ಯಾಸ 450 ಮಿಲಿಮೀಟರು. ಆದುದರಿಂದ ಬಾರು ನೆಲದಿಂದ 225 ಮಿಲಿಮೀಟರು ಎತ್ತರದಲ್ಲಿರುತ್ತದೆ. ಎರಡೂವರೆ ಕಿಲೋಗ್ರಾಮಿನ ಪುಟ್ಟ ಕಬ್ಬಿಣದ ಪ್ಲೇಟುಗಳನ್ನು ತೊಡಿಸಿದ ಬಾರು ನೆಲಕ್ಕೆ ಅಂಟಿಕೊಂಡಿದ್ದು, ಅದನ್ನು ಹಿಡಿಯಹೋದವನ ಬೆನ್ನು ಬಿಲ್ಲಾಗುತ್ತದೆ. ಎರಡು ಕಡೆಯೂ ಮರದ ದಿಮ್ಮಿಗಳನ್ನಿಟ್ಟು ಬಾರನ್ನು ಆ ಎತ್ತರಕ್ಕೆ ತರಬೇಕು, ಇಲ್ಲವೆ ಮಂಡಿಯಿಂದಲೇ ಆರಂಭಿಸಬೇಕು.

ಕ್ಲೀನಿನ ಪಾಠವೂ ಮೇಲಿನಿಂದಲೇ. ಬಾರು ಕೂರಬೇಕಾದದ್ದು ಅಂಗೈಯ ಮೇಲಲ್ಲ, ಭುಜಗಳ ಮುಂಭಾಗದ ಮಾಂಸದ ದಿಂಡಿನ ಮೇಲೆ. ಮೊಣಕೈಗಳು ಎದುರಿನವನನ್ನು ತೋರಿಸುವಂತೆ ಎತ್ತರದಲ್ಲಿರಬೇಕು. ಬೆರಳುಗಳು ಎರಡೋ ಮೂರೋ ಬಾರನ್ನು ಮುಟ್ಟಿದ್ದರೂ ಸಾಕು. ಮುಂಗೈ ನೋಯುತ್ತಿದ್ದರೆ ಭಾರವನ್ನು ಕೈ ಹೊತ್ತಿದೆಯೆಂದು ತಿಳಿಯಬಹುದು. ಜರ್ಕಿನಲ್ಲಿ ಎದೆಯನ್ನು ಬಾಗಿಸದೆ ಮಂಡಿಯನ್ನು ಅಷ್ಟಿಷ್ಟು ಬಗ್ಗಿಸಿ ಚಿಮ್ಮಿ, ಒಂದು ಕಾಲನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಎಸೆಯಬೇಕು. ಆಗ ಪಾದಗಳು ಒಂದೇ ಗೆರೆಯ ಮೇಲೆ ಬೀಳದೆ, ಸೊಂಟದಷ್ಟು ಅಗಲವನ್ನು ಉಳಿಸಿಕೊಳ್ಳಬೇಕು. ಇಲ್ಲದಿದ್ದರೆ ತಲೆಯ ಮೇಲೆ ಕಬ್ಬಿಣವನ್ನು ಹೊತ್ತು ಹಗ್ಗದ ಮೇಲೆ ನಡೆಯುವ ಪ್ರಸಂಗ ಒದಗುತ್ತದೆ. ಏಳುವಾಗ ಮುಂದಿನ ಕಾಲು ಅರ್ಧ ಹೆಜ್ಜೆ ಹಿಂದಕ್ಕೆ ಬಂದ ಮೇಲೆ ಹಿಂದಿನ ಕಾಲು ಮುಂದಕ್ಕೆ. ಈ ಕ್ರಮವನ್ನು ತಿರುಗಿಸಿದವರು ಬಾರನ್ನು ಬೆನ್ನಟ್ಟಿ ಅಂಗಣದ ಅಂಚಿನವರೆಗೂ ಓಡುತ್ತಾರೆ.

ನನ್ನ ಸಹಪಾಠಿಯಾದ ಬ್ಯಾಂಕಿನ ಗೆಳೆಯರೊಬ್ಬರು ತಮ್ಮ ವೃತ್ತಿಧರ್ಮಕ್ಕನುಗುಣವಾಗಿ ಎಲ್ಲವನ್ನೂ ಪುಸ್ತಕದಲ್ಲಿ ಜಮಾ ಮಾಡುತ್ತಿದ್ದರು. ಮೂರನೆಯ ತಿಂಗಳಿನ ಅವರ ವಾರ ಹೀಗಿತ್ತು. ಸೋಮವಾರ ಹತ್ತು ನಿಮಿಷ ಕೋಲಿನ ಅಭ್ಯಾಸ. ಬಳಿಕ ಮಂಡಿಯಿಂದ ಸ್ನ್ಯಾಚ್, 20 ಕಿಲೋಗ್ರಾಮಿನಲ್ಲಿ ಮೂರು ಮೂರರಂತೆ ಎರಡು ಸರದಿ, 25ರಲ್ಲಿ ಎರಡೆರಡರಂತೆ ಎರಡು, 30ರಲ್ಲಿ ಎರಡೆರಡರಂತೆ ಮೂರು. ಕೊನೆಗೆ ಬಾರನ್ನು ಭುಜದ ಮುಂದಿಟ್ಟು 45ರಲ್ಲಿ ಐದೈದು ಫ್ರಂಟ್ ಸ್ಕ್ವಾಟ್, ಮೂರು ಸರದಿ. ಬುಧವಾರ ಅದೇ ಬಗೆಯಲ್ಲಿ ಕ್ಲೀನ್ ಅಂಡ್ ಜರ್ಕ್, 25ರಿಂದ 40ರವರೆಗೆ. ಬಳಿಕ ತಲೆಯ ಮೇಲಕ್ಕೆ ಒಯ್ಯದೆ, ಕೈ ಬಗ್ಗಿಸದೆ, ಸ್ನ್ಯಾಚಿನ ಅಗಲದ ಹಿಡಿತದಲ್ಲಿ ಬರಿಯ ಎಳೆತ. ಶುಕ್ರವಾರ ಎರಡೂ ವರಸೆಗಳು ಹಿಂದಿನ ದಿನಗಳಿಗಿಂತ 5 ಕಿಲೋಗ್ರಾಂ ಕಡಮೆಯಲ್ಲಿ, ನೆಲದ ದಿಮ್ಮಿಗಳಿಂದ. ಬಳಿಕ ಬೆನ್ನ ಮೇಲೆ ಬಾರನ್ನಿಟ್ಟು ಬಸ್ಕಿ. ಸರದಿಗಳ ನಡುವೆ ಎರಡು ನಿಮಿಷ ವಿಶ್ರಾಂತಿ. ಎರಡು ವರಸೆಗಳಲ್ಲಿ ಮೂರಕ್ಕಿಂತ ಹೆಚ್ಚು ಸಲ ಒಟ್ಟಿಗೆ ಎತ್ತುವಂತಿರಲಿಲ್ಲ. ದಣಿದ ದೇಹ ತನ್ನ ಹಳೆಯ ದುರಭ್ಯಾಸಗಳಿಗೇ ಮರಳುವುದರಿಂದ, ಆಮೇಲೆ ಎತ್ತಿದ್ದೆಲ್ಲ ತಪ್ಪಿನ ಅಭ್ಯಾಸವೇ ಆಗುತ್ತದೆ. ಭಾರದ ಕೊನೆಯ ಸರದಿಗಳು ಗೆರೆ ದಾಟದೆ, ಮೊಣಕೈ ಬಗ್ಗದೆ ಬಂದರೆ ಮುಂದಿನ ವಾರ ಎರಡೂವರೆ ಕಿಲೋಗ್ರಾಂ ಬಡತಿ. ಒಂದೇ ದೋಷ ಎರಡು ಸಲ ತಲೆದೋರಿದರೆ ಕೂಡಲೇ ಐದು ಕಿಲೋಗ್ರಾಂ ಹಿಂಬಡತಿ. ಬಡತಿಯ ನಿಯಮಗಳು ಇಷ್ಟು ನ್ಯಾಯಸಮ್ಮತವಾಗಿದ್ದ ಸಂಸ್ಥೆಯನ್ನು ತಾವು ಇನ್ನೆಲ್ಲಿಯೂ ಕಂಡಿಲ್ಲವೆಂದು ಅವರು ಹೇಳುತ್ತಿದ್ದರು.

ಅವರ ಲೆಕ್ಕದಿಂದ ಇನ್ನೊಂದು ವಿಷಯವೂ ಹೊರಪಟ್ಟಿತು. 2018ರ ಗೋಲ್ಡ್‌ಕೋಸ್ಟ್ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಬೆಳ್ಳಿ ಗೆದ್ದ ಕುಂದಾಪುರದ ಕಡೆಯ ಗುರುರಾಜ ಪೂಜಾರಿಯವರು 56 ಕಿಲೋಗ್ರಾಂ ವಿಭಾಗದಲ್ಲಿ ಸ್ನ್ಯಾಚಿನಲ್ಲಿ 111, ಕ್ಲೀನ್ ಅಂಡ್ ಜರ್ಕಿನಲ್ಲಿ 138 ಎತ್ತಿದರು. ಮೊದಲನೆಯದು ಎರಡನೆಯದರ ಐದರಲ್ಲಿ ನಾಲ್ಕು ಪಾಲು. 2000ದ ಸಿಡ್ನಿಯಲ್ಲಿ ಕಂಚು ಗೆದ್ದ ಕರ್ಣಂ ಮಲ್ಲೇಶ್ವರಿಯವರದು 110 ಮತ್ತು 130, ಇನ್ನೂ ಹತ್ತಿರ. ನಮ್ಮ ಬ್ಯಾಂಕಿನ ಮಹನೀಯರ 30 ಮತ್ತು 40 ನಾಲ್ಕರಲ್ಲಿ ಮೂರು ಪಾಲಿಗೆ ನಿಂತಿತ್ತು. ಸ್ನ್ಯಾಚ್ ಇಷ್ಟು ಹಿಂದುಳಿದಿದ್ದರೆ ಕಾಲಿಗೆ ಬಲವಿದೆ, ಒಳನುಸುಳುವ ಕುಶಲತೆ ಇನ್ನೂ ಬಂದಿಲ್ಲ, ಅಥವಾ ಭುಜ ಮತ್ತು ಕಣಕಾಲುಗಳು ಇನ್ನೂ ಬಾಗಲೊಲ್ಲವು ಎಂದು ತಿಳಿಯಬೇಕು. ಅಂಥವರು ಪ್ಲೇಟು ಏರಿಸುವ ಬದಲು ಓವರ್‌ಹೆಡ್ ಸ್ಕ್ವಾಟಿಗೆ ಮರಳಬೇಕು.

ಈ ವಿದ್ಯೆಗೆ ತೊಡಗಬಯಸುವ ಓದುಗರಿಗೆ ಎರಡು ಮಾತು. ರಬ್ಬರ್ ಪ್ಲೇಟು, ಮರದ ಅಂಗಣ, ನೋಡಿ ತಿದ್ದಬಲ್ಲವರೊಬ್ಬರು, ಈ ಮೂರೂ ಇಲ್ಲದ ಕಡೆ ಇದನ್ನು ಆರಂಭಿಸಬೇಡಿ. ಬಾರು ಹಿಂದಕ್ಕೋ ಮುಂದಕ್ಕೋ ಜಾರಿದಾಗ ಅದರ ಮಾನ ಉಳಿಸಲು ಹೋಗದೆ ಕೈಬಿಟ್ಟು, ಅದು ಬೀಳುವ ದಿಕ್ಕಿಗೆ ವಿರುದ್ಧವಾಗಿ ಸರಿದುಬಿಡಿ; ಅದು ಬೀಳುವುದಕ್ಕೆಂದೇ ಮಾಡಿದ ವಸ್ತು, ನೀವು ಹಾಗಲ್ಲ.