28 ಗೂಡುಗಳ ಡಬ್ಬಿ

ನಮ್ಮ ಮನೆಯಲ್ಲಿ ಅಜ್ಜಿಯ ಆರೋಗ್ಯ ಖಾತೆ ನನ್ನದು. ತಿಂಗಳಿಗೊಮ್ಮೆ ಚೀಟಿ ಹಿಡಿದು ಮೆಡಿಕಲ್ ಶಾಪಿಗೆ ಹೋಗಿ ಬಂದರೆ ನನ್ನ ಮಂತ್ರಿಗಿರಿ ಮುಗಿಯಿತು. ಉಳಿದ ಆಡಳಿತವೆಲ್ಲ ಅಜ್ಜಿಯದೇ. ತಂದ ಸ್ಟ್ರಿಪ್ಪುಗಳನ್ನು ಒಂದೊಂದೇ ಮಾತ್ರೆಯಾಗಿ ಕತ್ತರಿಸಿ ಹಳೆಯ ಅಡಿಕೆ ಡಬ್ಬಿಗೆ ತುಂಬುವುದು ಅವಳ ಪದ್ಧತಿ. ಮಾತ್ರೆಯ ಹೆಸರು ಈ ತುಂಡಿನಲ್ಲಿ ಅರ್ಧ, ಆ ತುಂಡಿನಲ್ಲಿ ಅರ್ಧ. ಎಕ್ಸ್‌ಪೈರಿ ತಾರೀಕು ಯಾವ ತುಂಡಿಗೆ ಹೋಯಿತೋ ದೇವರೇ ಬಲ್ಲ.

ಆ ಡಬ್ಬಿಯಲ್ಲಿ ಇಬ್ಬರು ಅವಳಿಗಳಿದ್ದರು. ಕಾಲಿನ ಬಾವು ಇಳಿಸಲು ಬೆಳಿಗ್ಗೆ ನುಂಗುವ ನೀರಿನ ಮಾತ್ರೆ, ಫ್ಯೂರೋಸಮೈಡ್ 40 ಮಿಲಿಗ್ರಾಂ. ರಾತ್ರಿ ನುಂಗುವ ಕೊಲೆಸ್ಟರಾಲ್ ಮಾತ್ರೆ, ಅಟೊರ್ವಾಸ್ಟಾಟಿನ್ 10 ಮಿಲಿಗ್ರಾಂ. ಎರಡೂ ಬಿಳಿ, ಎರಡೂ ಪುಟ್ಟ. ಅಜ್ಜಿ ಕನ್ನಡಕ ತೆಗೆದಿಟ್ಟ ಮೇಲೆ ಎರಡೂ ಒಂದೇ.

ಒಂದು ರಾತ್ರಿ ಹತ್ತು ಗಂಟೆಗೆ ಅಜ್ಜಿ ಮಾತ್ರೆ ನುಂಗಿದಳು. ಹನ್ನೊಂದಕ್ಕೆ ಬಚ್ಚಲಿನ ದೀಪ ಹತ್ತಿತು. ಹನ್ನೊಂದೂವರೆಗೆ ಮತ್ತೆ ಹತ್ತಿತು. ಒದ್ದೆ ನೆಲದಲ್ಲಿ ಜಾರಿಯಾಳೆಂದು ನಾನು ಟಾರ್ಚ್ ಹಿಡಿದು ಬಾಗಿಲಲ್ಲಿ ನಿಂತೆ. ನಿಂತಲ್ಲೇ ಸಕ್ಕರೆ ಕಾಯಿಲೆ, ಮೂತ್ರದ ಸೋಂಕು, ಕಿಡ್ನಿ ಎಂದು ಒಂದೊಂದೇ ರೋಗ ಪತ್ತೆಹಚ್ಚಿ ಗಂಭೀರವಾಗಿ ತಲೆಯಾಡಿಸಿದೆ. ಹೆಂಡತಿ ಮಾತಾಡದೆ ಕಸದ ಬುಟ್ಟಿಗೆ ಕೈ ಹಾಕಿ ಖಾಲಿ ತುಂಡೊಂದನ್ನು ತೆಗೆದಳು. “ಕೊನೆಯಲ್ಲಿ ‘ಮೈಡ್’ ಅಂತಿದೆ ನೋಡಿ. ಇದು ಬೆಳಗಿನದು.”

ಈ ಮಾತ್ರೆ ಗಂಟೆಯೊಳಗೆ ಕೆಲಸ ಶುರುಮಾಡಿದರೆ ಆರು ಗಂಟೆ ಬಿಡುವುದಿಲ್ಲ. ನಾವೂ ನಾಲ್ಕರವರೆಗೆ ಕೂತೆವು. ಬೆಳಿಗ್ಗೆ ಡಾಕ್ಟರಿಗೆ ಫೋನು ಮಾಡಿದೆ. ಇವತ್ತಿನ ನೀರಿನ ಮಾತ್ರೆ ಬೇಡ, ಬಿಪಿ ನೋಡಿ, ಎದ್ದು ನಿಂತಾಗ ತಲೆ ಸುತ್ತಿದರೆ ಕರೆದುಕೊಂಡು ಬನ್ನಿ ಎಂದರು. ತಪ್ಪಿದ ಕೊಲೆಸ್ಟರಾಲ್ ಮಾತ್ರೆಗೆ ಪರಿಹಾರವಾಗಿ ಎರಡು ನುಂಗಿಸಬೇಡಿ, ರಾತ್ರಿ ಎಂದಿನಂತೆ ಒಂದೇ ಸಾಕು ಎಂದೂ ಹೇಳಿದರು.

ಅವತ್ತೇ ನಾನು ಸುಧಾರಣೆ ಘೋಷಿಸಿ 28 ಗೂಡುಗಳ ಡಬ್ಬಿ ತಂದೆ: ಏಳು ದಿನ, ದಿನಕ್ಕೆ ನಾಲ್ಕು ಹೊತ್ತು. ತೇವಕ್ಕೆ ಕೆಡುವ ಮಾತ್ರೆಗಳನ್ನು ಸ್ಟ್ರಿಪ್ಪಿನಿಂದ ಬಿಡಿಸಬೇಡಿ, ವಾರಕ್ಕಿಂತ ಹೆಚ್ಚು ತುಂಬಬೇಡಿ, ಖಾಲಿ ಸ್ಟ್ರಿಪ್ಪನ್ನೂ ವಾರ ಮುಗಿಯುವ ತನಕ ಎಸೆಯಬೇಡಿ ಎಂದು ಅಂಗಡಿಯವರು ಹೇಳಿದ್ದನ್ನು ಮನೆಯಲ್ಲಿ ನನ್ನದೇ ಸಂಶೋಧನೆಯಂತೆ ಭಾಷಣ ಮಾಡಿದೆ. ಸೋಮವಾರದಿಂದ ಭಾನುವಾರದವರೆಗೆ ಗೂಡು ತುಂಬಿ ಟಪಟಪ ಮುಚ್ಚಿದೆ.

ಅಜ್ಜಿ ಕನ್ನಡಕ ಹಾಕಿಕೊಂಡು ರಾತ್ರಿ ಸಾಲಿನ ಮುಚ್ಚಳ ತೆಗೆದಳು. “ನೀರಿನ ಮಾತ್ರೆಗೆ ನಡುವೆ ಗೀರು ಇರತ್ತೆ ಕಣೋ. ಇದೆಲ್ಲಾ ಗೀರಿರೋದೇ ಅಲ್ವಾ?”

ಹೌದು. ಅಜ್ಜಿ ಒಂದು ರಾತ್ರಿ ತಪ್ಪಿದ್ದಳು. ನಾನು ಏಳು ರಾತ್ರಿಗೂ ಕ್ರಮಬದ್ಧವಾಗಿ ತಪ್ಪಿದ್ದೆ.

ಈಗ ಭಾನುವಾರ ಹಗಲು ಬೆಳಕಿನಲ್ಲಿ ನಾನು ತುಂಬುತ್ತೇನೆ, ಅಜ್ಜಿ ಡಾಕ್ಟರ ಚೀಟಿಯೊಂದಿಗೆ ತಾಳೆ ನೋಡುತ್ತಾಳೆ. ಹೋದ ವಾರ ನೂರಕ್ಕೆ ತೊಂಬತ್ತು ಕೊಟ್ಟಳು. ಗುರುವಾರದ ಮುಚ್ಚಳ ಸರಿಯಾಗಿ ಕೂತಿರಲಿಲ್ಲವಂತೆ.