ಖಾಯಂ ಭಾವ

ಹಲಸೂರಿನಲ್ಲಿ ಗಲ್ಲಿಗೊಬ್ಬ ದುಬೈ ಭಾವ ಇರುತ್ತಾರೆ. ನಮ್ಮವರು ಹೋದದ್ದು 2007ರಲ್ಲಿ, ಎಚ್‌ಎಎಲ್ ವಿಮಾನ ನಿಲ್ದಾಣದಿಂದ. ಬೀಳ್ಕೊಡಲು ಹೋದವರೆಲ್ಲ ಊಟದ ಹೊತ್ತಿಗೆ ಮನೆಗೆ ವಾಪಸ್. ಮರುವರ್ಷ ಆ ವಿಮಾನಗಳೆಲ್ಲ ದೇವನಹಳ್ಳಿಗೆ ಹೋದವು.

ಆಮೇಲೆ ಎರಡು ವರ್ಷಕ್ಕೊಮ್ಮೆ ತಿಂಗಳ ರಜೆ. ಆ ತಿಂಗಳು ಅಕ್ಕ ದಿನಾ ಮಟನ್ ಮಾಡುತ್ತಿದ್ದಳು, ಭಾವ ಸೋಫಾದಲ್ಲಿ ಕೂತು ಅತ್ತರು, ಖರ್ಜೂರ, ಟಾರ್ಚು ಹಂಚುತ್ತಿದ್ದರು. ರಜೆಗೆ ಬರುವ ಗಂಡ ನೆಂಟ. ನೆಂಟರಿಗೆ ಮನೆಯ ಬೀಗದ ಕೈ ಯಾರೂ ಕೊಡುವುದಿಲ್ಲ; ಅದು ಭಾವನಿಗೆ ಹೊಳೆದದ್ದು ವೀಸಾ ಕ್ಯಾನ್ಸಲ್ ಮಾಡಿಸಿಕೊಂಡು ಖಾಯಮ್ಮಾಗಿ ಬಂದು ತಿಂಗಳು ಕಳೆದ ಮೇಲೆ.

ಮೊದಲ ಪೆಟ್ಟು ಸಿಲಿಂಡರಿನದು. ಅಕ್ಕ ಮಾರ್ಕೆಟ್ಟಿಗೆ ಹೋಗಿದ್ದಾಗ ಗ್ಯಾಸಿನವನು ಬಂದು ಒಟಿಪಿ ಕೇಳಿದ. ಅದು ಬರುವುದು ಅಕ್ಕನ ಫೋನಿಗೆ. "ನಾನೇ ಈ ಮನೆ ಯಜಮಾನ" ಎಂದರು ಭಾವ. "ಇರಬಹುದು ಸಾರ್, ನಂಬರ್ ಹೇಳಿ" ಎಂದ ಅವನು.

ಯಜಮಾನಿಕೆ ಖಚಿತ ಮಾಡಿಕೊಳ್ಳಲು ಭಾವ ರೇಷನ್ ಕಾರ್ಡು ತೆಗೆದರು. ಅಲ್ಲೂ ಮೊದಲ ಹೆಸರು ಅಕ್ಕನದೇ. 2013ರ ಆಹಾರ ಭದ್ರತಾ ಕಾಯ್ದೆ ಪ್ರಕಾರ ಕಾರ್ಡಿಗೆ ಮನೆಯ ಹಿರಿಯ ಹೆಂಗಸೇ ಮುಖ್ಯಸ್ಥೆ. ಭಾವ ಅಲ್ಲಿ ಸದಸ್ಯರು.

ಭಾನುವಾರ ಇಬ್ಬರೂ ರಸೆಲ್ ಮಾರ್ಕೆಟ್ಟಿಗೆ ಶಿವಾಜಿನಗರದ ಬಸ್ಸು ಹತ್ತಿದರು. ಅಕ್ಕ ಆಧಾರ್ ತೋರಿಸಿ ಶೂನ್ಯ ಟಿಕೆಟ್ ತಗೊಂಡಳು. ಕಂಡಕ್ಟರ್ ಭಾವನತ್ತ ತಿರುಗಿ, "ಯಜಮಾನ್ರೇ, ನಿಮ್ದು ದುಡ್ಡು" ಎಂದ. ಹದಿನೇಳು ವರ್ಷಕ್ಕೂ ಮಿಕ್ಕಿ ಈ ಕುಟುಂಬಕ್ಕೆ ದುಡಿದವರನ್ನು ಬೆಂಗಳೂರಲ್ಲಿ ಯಜಮಾನ್ರೇ ಎಂದವನು ಅವನೊಬ್ಬನೇ, ಅದೂ ದುಡ್ಡು ಕೇಳಲು.

ಗಲ್ಫಿನಿಂದ ಬಂದವರೆಲ್ಲ ಅಂಗಡಿ ಹಾಕುತ್ತಾರೆ. ಭಾವನೂ ಕೆ.ಆರ್.ಪುರದಲ್ಲಿ ಅತ್ತರು, ಖರ್ಜೂರದ ಮಳಿಗೆ ನೋಡಿಕೊಂಡು ಬಂದು ಊಟಕ್ಕೆ ಕೂತಾಗ ವಿಷಯ ಎತ್ತಿದರು. ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು ಎಂದು ಅಕ್ಕ ಕೇಳಲಿಲ್ಲ.

"ಜಿಎಸ್‌ಟಿ ಮಾಡಿಸ್ತೀರಾ?"

"ಮಾಡಿಸ್ಬೇಕಲ್ಲ. ಬೋರ್ಡ್ ಮೇಲೆ ನಂಬರ್ ಇದ್ರೆ ಒಂದು ಗತ್ತು."

"ಗತ್ತು ಬೇಡ ರೀ. ಗಂಡ ಜಿಎಸ್‌ಟಿ ಕಟ್ಟಿದ್ರೆ, ಇನ್‌ಕಮ್ ಟ್ಯಾಕ್ಸ್ ಕಟ್ಟಿದ್ರೆ, ನನ್ನ ಗೃಹಲಕ್ಷ್ಮಿ ಎರಡು ಸಾವಿರ ನಿಂತು ಹೋಗುತ್ತೆ."

ಭಾವ ತಟ್ಟೆಯಿಂದ ಕೈ ಎತ್ತಿದರು. ದಿರ್ಹಮ್ ಲೆಕ್ಕದಲ್ಲಿ ಅದು ನೂರೂ ಆಗುವುದಿಲ್ಲ ಎಂದು ಗೊಣಗಿದರು. ನಾನು ಸಾರಿನ ಪಾತ್ರೆಯನ್ನು ಹತ್ತಿರಕ್ಕೆ ಎಳೆದುಕೊಂಡೆ. ಜಗಳ ಶುರುವಾದರೆ ಬಡಿಸುವವರಿರುವುದಿಲ್ಲ.

ಅಕ್ಕ ಜಗಳ ಮಾಡಲಿಲ್ಲ. "ಸಾಮಾನು ಮಾರೋರಿಗೆ ವರ್ಷದ ವಹಿವಾಟು ನಲವತ್ತು ಲಕ್ಷ ದಾಟಿದ್ರೆ ತಾನೇ ಜಿಎಸ್‌ಟಿ ಕಡ್ಡಾಯ?" ಎಂದು ಭಾವನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು. "ಹಾಕಿ ಅಂಗಡಿ. ಏನೂ ಭಯ ಇಲ್ಲ."