ಪುಟ್ಟನ ಎರಡು ಪುಟ

ನ್ಯೂಜೆರ್ಸಿಯ ಎಡಿಸನ್ ಕಡೆಯ ಕನ್ನಡದ ಮನೆಗಳಲ್ಲಿ ಈಚೆಗೆ ಹೊಸ ತಳಿಯೊಂದು ತಲೆಯೆತ್ತಿದೆ. ಅಪ್ಪ ಸಾಫ್ಟ್‌ವೇರು, ಅಮ್ಮ ಸಾಫ್ಟ್‌ವೇರು, ಅಕ್ಕ ಡಾಕ್ಟರಿಕೆ ಓದುತ್ತಿದ್ದಾಳೆ. ಕಿರಿಯವನು ಮಾತ್ರ ಒಂದು ರಾತ್ರಿ ಊಟಕ್ಕೆ ಕೂತಾಗ, "ನಾನು ಲಾ ಸ್ಕೂಲಿಗೆ ಹೋಗ್ತೀನಿ" ಎಂದುಬಿಡುತ್ತಾನೆ. "ವಾದ ಮಾಡೋಕೆ ನಿನಗೆ ಡಿಗ್ರಿ ಬೇರೆ ಬೇಕೇನೋ?" ಎಂದು ಅಪ್ಪ ಕೇಳುತ್ತಾರೆ. ಈ ಹುಡುಗನಿಗೆ ಕಾಲೇಜಿನಲ್ಲಿ ಯಾವ ಹೆಸರಿದ್ದರೂ ಮನೆಯಲ್ಲಿ ಪುಟ್ಟ. ವಯಸ್ಸು ಇಪ್ಪತ್ತೆರಡು, ಎತ್ತರ ಆರಡಿ.

ಅಮೆರಿಕದಲ್ಲಿ ಕಾನೂನು ಓದುವುದು ನಾಲ್ಕು ವರ್ಷದ ಪದವಿ ಮುಗಿದ ಮೇಲೆ, ಇನ್ನೂ ಮೂರು ವರ್ಷ. ಅರ್ಜಿಗೆ ಅಂಕಪಟ್ಟಿ ಬೇಕು, ಎಲ್‌ಸ್ಯಾಟ್ ಪರೀಕ್ಷೆಯ ಅಂಕ ಬೇಕು, ಮೇಷ್ಟರುಗಳ ಶಿಫಾರಸು ಪತ್ರ ಬೇಕು, ರೆಸ್ಯೂಮೆ ಬೇಕು. ಇವೆಲ್ಲದರ ಜೊತೆಗೆ ಪರ್ಸನಲ್ ಸ್ಟೇಟ್‌ಮೆಂಟ್ ಎಂಬ ಪ್ರಬಂಧವೂ ಬೇಕು. ಬಹುಪಾಲು ಶಾಲೆಗಳಲ್ಲಿ ಅದು ಎರಡೇ ಪುಟ, ಸಾಲುಗಳ ನಡುವೆ ದುಪ್ಪಟ್ಟು ಜಾಗ ಬಿಟ್ಟು. ಅಂದರೆ ಹೆಚ್ಚೆಂದರೆ ಆರುನೂರು ಚಿಲ್ಲರೆ ಪದ. ಬರ್ಕ್ಲಿಯವರು ನಾಲ್ಕು ಪುಟದವರೆಗೂ ಬಿಡುತ್ತಾರೆಂದು ತಿಳಿದ ದಿನ ಪುಟ್ಟನಿಗೆ ಹಬ್ಬ. ಅವನ ಕಷ್ಟವೇ ಜಾಗದ್ದು.

ಏಕೆಂದರೆ ಪುಟ್ಟ ಆರನೇ ವಯಸ್ಸಿನಿಂದ ಸರ್ಟಿಫಿಕೇಟ್ ಸಂಗ್ರಹಿಸಿದವನು. ಸ್ಪೆಲಿಂಗ್ ಬೀ, ಮೃದಂಗದ ಅರಂಗೇಟ್ರಂ, ಡಿಬೇಟ್ ತಂಡದ ನಾಯಕತ್ವ, ಅಣಕು ನ್ಯಾಯಾಲಯ, ಆಸ್ಪತ್ರೆಯಲ್ಲಿ ಸ್ವಯಂಸೇವೆ, ಕನ್ನಡ ಕೂಟದ ಯುವ ಕಾರ್ಯದರ್ಶಿ. ಎಲ್ಲವೂ ಅಮ್ಮನ ನೀಲಿ ಫೈಲಿನಲ್ಲಿ ಪ್ಲಾಸ್ಟಿಕ್ ಹೊದಿಕೆಯೊಳಗೆ ಭದ್ರ. ಮೊದಲ ಕರಡು ಈ ಫೈಲಿನಿಂದಲೇ ಇಳಿಯಿತು. ಡಿಬೇಟಿನಿಂದ ವಾಕ್ಪಟುತ್ವ ಕಲಿತೆ, ಮೃದಂಗದಿಂದ ಶಿಸ್ತು ಕಲಿತೆ, ಆಸ್ಪತ್ರೆಯಿಂದ ಕರುಣೆ ಕಲಿತೆ ಎಂದು ಪ್ಯಾರಾಕ್ಕೊಂದು ಸದ್ಗುಣ. ಅಪ್ಪ ಓದಿ ಮೆಚ್ಚಿದರು. ಅಮ್ಮ ಮಾತ್ರ, "ಏಳನೇ ಕ್ಲಾಸಿನ ಚೆಸ್ ಬಿಟ್ಟುಹೋಗಿದೆಯಲ್ಲೋ" ಎಂದರು.

ಕಾಲೇಜಿನ ಸಲಹೆಗಾರ್ತಿ ಏನೂ ಅನ್ನಲಿಲ್ಲ. ಕರಡನ್ನು ಪ್ರಿಂಟ್ ತೆಗೆದರು, ಕತ್ತರಿ ತಗೊಂಡು ಪ್ಯಾರಾಗಳನ್ನು ಬೇರೆಬೇರೆ ಮಾಡಿದರು, ಇಸ್ಪೀಟಿನ ಎಲೆಯಂತೆ ಕಲಸಿ ಮೇಜಿನ ಮೇಲೆ ಜೋಡಿಸಿ, "ಈಗ ಓದು" ಎಂದರು. ಪುಟ್ಟ ಓದಿದ. ಆಸ್ಪತ್ರೆ ಮೊದಲು ಬಂದು ಡಿಬೇಟ್ ಕೊನೆಗೆ ಹೋಗಿತ್ತು. ಓದಿಗೆ ಎಲ್ಲೂ ತೊಡಕಾಗಲಿಲ್ಲ, ತೊಡಕಾಗದ್ದೇ ತೊಡಕು. ಯಾವ ಪ್ಯಾರಾಕ್ಕೂ ಹಿಂದಿನದರ ಹಂಗಿರಲಿಲ್ಲ. "ಇದಷ್ಟೂ ನಿನ್ನ ರೆಸ್ಯೂಮೆಯಲ್ಲಿದೆ. ಅದನ್ನೂ ಅವರೇ ಓದ್ತಾರೆ" ಎಂದು ಆಕೆ ಚೂರುಗಳನ್ನು ಅವನ ಕೈಗಿತ್ತರು.

ಪಟ್ಟಿ ಬೇಡ, ಒಂದೇ ಎಳೆ ಇರಲಿ ಎಂದಾಗ ಈ ಜಾತಿಯ ಹುಡುಗರು ತಪ್ಪದೆ ಹಾಯುವ ಒಂದು ಹಳ್ಳವಿದೆ: ಹೋಲಿಕೆ. ಪುಟ್ಟನೂ ಹಾಯ್ದ. ಎರಡನೆಯ ಕರಡಿನಲ್ಲಿ ಸಂವಿಧಾನವೇ ಆದಿತಾಳವಾಯಿತು, ನ್ಯಾಯಾಧೀಶರು ತನಿಯಾವರ್ತನ ನುಡಿಸಿದರು, ತೀರ್ಪು ಸಮಕ್ಕೆ ಬಂದು ನಿಂತಿತು. ಎಳೆಯೇನೋ ಒಂದೇ, ಆದರೆ ಅದು ಮೇಲಿಂದ ಹೊದಿಸಿದ ಶಾಲು. ಮೃದಂಗ ತೆಗೆದು ಅಲ್ಲಿ ಟೆನ್ನಿಸ್ ಇಟ್ಟರೂ ಪ್ರಬಂಧ ಹಾಗೇ ನಿಲ್ಲುತ್ತಿತ್ತು. ಅಲ್ಲದೆ ಪುಟ್ಟ ಅರಂಗೇಟ್ರಂ ಆದ ಮಾರನೆಯ ದಿನದಿಂದ ಮೃದಂಗ ಮುಟ್ಟಿಲ್ಲ.

ಅಸಲಿ ಎಳೆ ಸಿಕ್ಕಿದ್ದು ಚಿಕ್ಕಪ್ಪನಿಂದ. ಹಿಂದಿನ ವರ್ಷ ಚಿಕ್ಕಪ್ಪ ಬಾಡಿಗೆ ಮನೆ ಬಿಟ್ಟಿದ್ದರು. ತಿಂಗಳ ಬಾಡಿಗೆ 1,600 ಡಾಲರ್, ಕೊಟ್ಟ ಅಡ್ವಾನ್ಸ್ 2,400. ನ್ಯೂಜೆರ್ಸಿಯಲ್ಲಿ ಒಂದೂವರೆ ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಕೇಳುವಂತಿಲ್ಲವಾದ್ದರಿಂದ ಅಲ್ಲಿಗೆ ಲೆಕ್ಕ ಸರಿ. ಮನೆ ಬಿಟ್ಟು ಒಂದೂವರೆ ತಿಂಗಳಾದ ಮೇಲೆ ಮಾಲೀಕ 1,500 ಕಳಿಸಿ, 900 ಡಾಲರನ್ನು ಬಣ್ಣಕ್ಕೂ ಕಾರ್ಪೆಟ್ಟಿಗೂ ಮುರಿದುಕೊಂಡಿದ್ದೇನೆ ಎಂದು ಫೋನಿನಲ್ಲಿ ಹೇಳಿದ. "ಹೋಗ್ಲಿ ಬಿಡೋ, ಯಾಕೆ ಜಗಳ" ಎಂದರು ಚಿಕ್ಕಪ್ಪ. ಪುಟ್ಟನಿಗೆ ಬಿಡಲಾಗಲಿಲ್ಲ. ಕೂತು ರಾಜ್ಯದ ಕಾನೂನನ್ನು ಓದಿದ. ಕರಾರು ಮುಗಿದ 30 ದಿನದೊಳಗೆ ಹಣವನ್ನು ಬಡ್ಡಿ ಸಮೇತ ಕೊಡಬೇಕು, ಮುರಿದುಕೊಂಡರೆ ಯಾವುದಕ್ಕೆ ಎಷ್ಟು ಎಂದು ಬರೆದೇ ಕೊಡಬೇಕು. ವಾಸಕ್ಕಿದ್ದವರಿಂದ ಸಹಜವಾಗಿ ಸವೆದದ್ದಕ್ಕೆ ಮುರಿಯುವಂತಿಲ್ಲ. ಅನ್ಯಾಯವಾಗಿ ಹಿಡಿದಿಟ್ಟರೆ ಕೋರ್ಟು ಅದರ ಎರಡರಷ್ಟು ಕೊಡಿಸುತ್ತದೆ. ಪುಟ್ಟ ಒಂದು ಪುಟದ ಕಾಗದ ಬರೆದ, ಚಿಕ್ಕಪ್ಪ ಸಹಿ ಹಾಕಿದರು. 900 ಡಾಲರ್ ವಾಪಸು ಬಂತು.

ಇದನ್ನು ಪುಟ್ಟ ಯಾರಿಗೂ ಹೇಳಿರಲಿಲ್ಲ, ಏಕೆಂದರೆ ಅದಕ್ಕೆ ಸರ್ಟಿಫಿಕೇಟ್ ಇರಲಿಲ್ಲ. ಸಲಹೆಗಾರ್ತಿ ಕೇಳಿದ್ದೇ ತಡ, "ಇದನ್ನು ಬರಿ" ಎಂದರು. ಮೂರನೆಯ ಕರಡಿನಲ್ಲಿ ಪುಟ್ಟ, "ನಾನು ಚಿಕ್ಕಪ್ಪನ ಪರ ವಕಾಲತ್ತು ವಹಿಸಿದೆ" ಎಂದು ಬರೆದ. ಆಕೆ ಕೆಂಪು ಪೆನ್ನು ಎತ್ತಿದರು. ವಕೀಲರಲ್ಲದವರು ವಕೀಲಿಕೆ ಮಾಡುವುದು ನ್ಯೂಜೆರ್ಸಿಯಲ್ಲಿ ಅಪರಾಧ. ವಕೀಲನಾಗಲು ಹಾಕುವ ಅರ್ಜಿಯಲ್ಲೇ ತಪ್ಪೊಪ್ಪಿಗೆ ಬರೆದುಕೊಡುವವನು ಅಪರೂಪ. ಆ ಸಾಲು, "ಚಿಕ್ಕಪ್ಪನ ಕಾಗದ ಬರೆಯಲು ನೆರವಾದೆ" ಎಂದು ಸೊರಗಿತು, ನಿಜವೂ ಆಯಿತು.

ಇಷ್ಟೇ ಆಗಿದ್ದರೆ ಗೆದ್ದ ಕಥೆ, ಅಂದರೆ ಇನ್ನೊಂದು ಸರ್ಟಿಫಿಕೇಟು. ಪ್ರಬಂಧಕ್ಕೆ ಜೀವ ಬಂದದ್ದು ಕನ್ನಡ ಕೂಟದ ಪ್ರಸಂಗ ಸೇರಿದಾಗ. ಯುವ ಕಾರ್ಯದರ್ಶಿ ಎಂಬ ಪದವಿಯ ಹಿಂದೆ ಒಂದು ಗಲಾಟೆ ಇತ್ತು. ಚುನಾವಣೆಯ ಹೊತ್ತಿಗೆ ಅರ್ಧ ಸಭೆ ಬಿಸಿಬೇಳೆಬಾತಿನ ಸಾಲಿನಲ್ಲಿ ನಿಂತಿತ್ತು. ಕೂಟದ ನಿಯಮಾವಳಿ ಪೂರ್ತಿ ಓದಿದ್ದವನು ಪುಟ್ಟನೊಬ್ಬನೇ. ಎದ್ದು ನಿಂತು, ಕೋರಂ ಇಲ್ಲ, ಚುನಾವಣೆ ನಡೆಸುವಂತಿಲ್ಲ ಎಂದ. ನಿಯಮದ ಪ್ರಕಾರ ಅವನು ಸರಿ. ಚುನಾವಣೆ ಮುಂದಕ್ಕೆ ಹೋಯಿತು, ಅಧ್ಯಕ್ಷರಾಗಬೇಕಿದ್ದ ಹಿರಿಯರು ಯುಗಾದಿಯವರೆಗೂ ಅಪ್ಪನ ಜೊತೆ ಮಾತು ಬಿಟ್ಟರು.

ಒಂದು ಕಡೆ ಯಾರೂ ಓದದ ಕಾಗದ ಓದಿ ಚಿಕ್ಕಪ್ಪನಿಗೆ ಹಣ ಕೊಡಿಸಿದ. ಇನ್ನೊಂದು ಕಡೆ ಅಂಥದೇ ಕಾಗದ ಓದಿ ನೆಂಟಸ್ತಿಕೆ ಕೆಡಿಸಿದ. ಬರೆದದ್ದಕ್ಕೂ ಜನ ನಡೆದುಕೊಳ್ಳುವುದಕ್ಕೂ ನಡುವಿನ ಈ ಅಂತರವೇ ಅವನ ವಿಷಯ. ಚಿಕ್ಕಪ್ಪ ಮೊದಲು ಬರದಿದ್ದರೆ ಕೂಟದಲ್ಲಿ ಎದ್ದು ನಿಲ್ಲುವ ಧೈರ್ಯಕ್ಕೆ ಅರ್ಥವಿಲ್ಲ. ಕೂಟ ಆಮೇಲೆ ಬರದಿದ್ದರೆ ಆ ಧೈರ್ಯಕ್ಕೆ ತಕ್ಕ ಅನುಮಾನವಿಲ್ಲ. ಕತ್ತರಿ ಹಾಕಿದರೆ ಈಗ ನೋಯುತ್ತದೆ. ಕಾನೂನೇ ಏಕೆ ಎಂಬುದಕ್ಕೆ ಕೊನೆಗೆ ಎರಡು ಸಾಲು ಸಾಕಾಯಿತು. ಎರಡನೆಯ ವರ್ಷ ಕೆಮಿಸ್ಟ್ರಿಯಲ್ಲಿ ಬಂದ ಸಿ ದರ್ಜೆಯ ವಿವರಣೆಗೆ ಅಡೆಂಡಮ್ ಎಂಬ ಬೇರೆ ಹಾಳೆಯೇ ಇರುವುದರಿಂದ ಅದೂ ಇಲ್ಲಿಂದ ಎದ್ದುಹೋಯಿತು.

ಮನೆಯವರಿಗೆ ಸಮಾಧಾನವಿಲ್ಲ. "ನಿನ್ನ ಬಗ್ಗೆ ಬರಿ ಅಂದ್ರೆ ಚಿಕ್ಕಪ್ಪನ ಕಾರ್ಪೆಟ್ ಬಗ್ಗೆ ಬರೆದಿದೀಯಲ್ಲೋ" ಎಂದು ಅಮ್ಮ. ಚಿಕ್ಕಪ್ಪನದು ಬೇರೆಯೇ ತಕರಾರು: "ಅದು ಸಾರಿನ ಕಲೆ ಅಂತ ಅವರಿಗೆಲ್ಲ ಯಾಕೆ ಗೊತ್ತಾಗಬೇಕು?" ಸಾರು ಉಳಿಯಿತು, ಚೆಸ್ ಬರಲಿಲ್ಲ.

ನಿಮ್ಮ ಮನೆಯಲ್ಲೂ ಇಂಥ ಪುಟ್ಟನೋ ಪುಟ್ಟಿಯೋ ಇದ್ದು, ಕರಡು ಓದಲು ಕೊಟ್ಟರೆ, ನಿಮ್ಮ ಕಡೆಯಿಂದ ಒಂದು ಸಾಧನೆಯನ್ನೂ ಸೇರಿಸಬೇಡಿ. ಜಾರ್ಜ್‌ಟೌನಿಗೆ ಹೋಗುವ ಪ್ರತಿಯಲ್ಲಿ "ಫೋರ್ಡಮ್ ನನ್ನ ಬಹುದಿನದ ಕನಸು" ಎಂದು ಉಳಿದುಕೊಂಡಿದೆಯೇ ಎಂದಷ್ಟೇ ನೋಡಿ ವಾಪಸು ಕೊಡಿ.